ಗೋಡೆಗೆ ಹಾಕುವ ಫ್ಲೋಚಾರ್ಟ್ ಪೋಸ್ಟರ್: ಆಕಾರ, ಬಾಣ, ಅಂತರಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸುವ ಬಗೆ

ಕಚೇರಿ, ಡೇರಿ, ಪ್ರಯೋಗಾಲಯಗಳ ಗೋಡೆಯ ಮೇಲಿನ ಎಷ್ಟೋ ಫ್ಲೋಚಾರ್ಟ್‌ಗಳಲ್ಲಿ ಮಾಹಿತಿ ಸರಿಯೇ ಇರುತ್ತದೆ, ನೋಟ ಮಾತ್ರ ಕೆಟ್ಟಿರುತ್ತದೆ. ಒಂದು ಡಬ್ಬಿ ದೊಡ್ಡದು, ಇನ್ನೊಂದು ಚಿಕ್ಕದು. ಒಂದು ಬಾಣ ಉದ್ದ, ಇನ್ನೊಂದು ಮೊಂಡು. ಒಂದು ಕಡೆ ‘ಇಲ್ಲ’ ಬಲಕ್ಕೆ ಹೋದರೆ ಇನ್ನೊಂದು ಕಡೆ ಕೆಳಕ್ಕೆ ಇಳಿಯುತ್ತದೆ. ಇದಕ್ಕೆಲ್ಲ ಕಾರಣ ಒಂದೇ: ಲೆಕ್ಕ ಹಾಕುವ ಮೊದಲೇ ಸಾಫ್ಟ್‌ವೇರ್ ತೆರೆದು ಡಬ್ಬಿಗಳನ್ನು ಎಳೆಯಲು ಶುರು ಮಾಡುವುದು. ಕೊನೆಯ ಮೂರು ಹಂತ ಹಾಕುವಾಗ ಜಾಗ ಸಾಲುವುದಿಲ್ಲ, ಆಗ ಅಲ್ಲಿಷ್ಟು ಇಲ್ಲಿಷ್ಟು ಹಿಂಡಬೇಕಾಗುತ್ತದೆ.

ಇಲ್ಲಿ ಒಂದು ಪೋಸ್ಟರನ್ನು ಮೊದಲಿನಿಂದ ಕೊನೆಯವರೆಗೆ ಮಾಡುತ್ತಾ ಹೋಗೋಣ. ವಿಷಯ: ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲು ಸ್ವೀಕರಿಸುವ ಕ್ರಮ. ಕಾಗದ: ಎ2, ಉದ್ದುದ್ದ, ಅಂದರೆ 420 ಮಿ.ಮೀ. ಅಗಲ, 594 ಮಿ.ಮೀ. ಎತ್ತರ. ಸಾಧನ: ಉಚಿತವಾಗಿ ಸಿಗುವ ಇಂಕ್‌ಸ್ಕೇಪ್. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಲೆಕ್ಕ ಇದೇ, ಗುಂಡಿಗಳ ಹೆಸರು ಮಾತ್ರ ಬೇರೆ.

ಮೊದಲು ಹಂತಗಳ ಪಟ್ಟಿ, ಅದೂ ಕಾಗದದ ಮೇಲೆ

ಕೆಲಸ ನಡೆಯುವ ಜಾಗದಲ್ಲಿ ನಿಂತು, ನಡೆಯುವುದನ್ನು ನಡೆದ ಕ್ರಮದಲ್ಲೇ ಬರೆದುಕೊಳ್ಳಿ. ಸುತ್ತೋಲೆ ಓದಿ ಬರೆದ ಪಟ್ಟಿಗೂ ಬೆಳಿಗ್ಗೆಯ ಸರದಿಯಲ್ಲಿ ನಡೆಯುವುದಕ್ಕೂ ವ್ಯತ್ಯಾಸ ಇರುತ್ತದೆ. ಕೆಲವು ಸಂಘಗಳಲ್ಲಿ ಮೊದಲು ತೂಕ, ಆಮೇಲೆ ಪರೀಕ್ಷೆ. ಕೆಲವದರಲ್ಲಿ ಉಲ್ಟಾ. ನಿಮ್ಮ ಸಂಘದ ಕ್ರಮ ಯಾವುದೋ ಅದನ್ನೇ ಹಾಕಿ. ನಮ್ಮ ಉದಾಹರಣೆಯಲ್ಲಿ ಪರೀಕ್ಷೆ ಮೊದಲು, ತೂಕ ಆಮೇಲೆ.

ಮುಖ್ಯ ದಾರಿಯಲ್ಲಿ ಒಂಬತ್ತು ಹಂತಗಳಿವೆ:

1. ಹಾಲು ಬಂತು
2. ಸದಸ್ಯ ಸಂಖ್ಯೆ ಹೇಳುವುದು
3. ವಾಸನೆ, ಬಣ್ಣ ಸರಿ ಇದೆಯೇ?
4. ಕಲಕಿ ಸ್ಯಾಂಪಲ್ ತೆಗೆಯುವುದು
5. ಯಂತ್ರದಲ್ಲಿ ಪರೀಕ್ಷಿಸುವುದು
6. ಫಲಿತಾಂಶ ಸರಿ ಇದೆಯೇ?
7. ಹಾಲು ತೂಗುವುದು
8. ಚೀಟಿ ಕೊಡುವುದು
9. ಹಾಲು ಸ್ವೀಕಾರವಾಯಿತು

ಮಾತಿನ ಅಚ್ಚು ನೋಡಿ. ಕೆಲಸಗಳೆಲ್ಲ ‘-ವುದು’ ಎಂದು ಮುಗಿಯುತ್ತವೆ, ಪ್ರಶ್ನೆಗಳೆಲ್ಲ ‘ಸರಿ ಇದೆಯೇ?’ ಎಂಬ ಧಾಟಿಯಲ್ಲಿವೆ, ಆರಂಭ ಮತ್ತು ಮುಕ್ತಾಯ ಆಗಿಹೋದ ಸ್ಥಿತಿಯನ್ನು ಹೇಳುತ್ತವೆ. ಒಂದು ಡಬ್ಬಿಯಲ್ಲಿ ‘ತೂಗಿರಿ’, ಪಕ್ಕದಲ್ಲಿ ‘ಪರೀಕ್ಷಿಸಲಾಗುತ್ತದೆ’, ಇನ್ನೊಂದರಲ್ಲಿ ‘ಚೀಟಿ ವಿತರಣೆ’ ಎಂದಿದ್ದರೆ ಆಕಾರ ಎಷ್ಟೇ ಒಂದೇ ಸಮನಾಗಿದ್ದರೂ ಪೋಸ್ಟರ್ ತೇಪೆ ಹಾಕಿದಂತೆಯೇ ಕಾಣುತ್ತದೆ.

ಪ್ರಶ್ನೆಯನ್ನು ಕಟ್ಟುವಾಗ ‘ಹೌದು’ ಎಂಬ ಉತ್ತರ ಯಾವಾಗಲೂ ಮುಂದಕ್ಕೆ ಒಯ್ಯುವಂತಿರಲಿ. ‘ವಾಸನೆ ಕೆಟ್ಟಿದೆಯೇ?’ ಎಂದು ಕೇಳಿದರೆ ಹೌದು ಎಂದವನು ವಾಪಸ್ ಹೋಗಬೇಕು. ಮುಂದಿನ ಪ್ರಶ್ನೆಯಲ್ಲಿ ಹೌದು ಎಂದವನು ಮುಂದೆ ಹೋಗಬೇಕು. ಆಗ ಬಾಣದ ದಿಕ್ಕನ್ನು ಒಂದೇ ಕ್ರಮದಲ್ಲಿ ಇಡಲು ಯಾವ ಸಾಫ್ಟ್‌ವೇರಿನಿಂದಲೂ ಆಗುವುದಿಲ್ಲ. ಬಾಣ ತಪ್ಪುವುದು ಬಹಳ ಸಲ ಚಿತ್ರದಲ್ಲಲ್ಲ, ಪ್ರಶ್ನೆಯ ವಾಕ್ಯದಲ್ಲಿ.

‘ಇಲ್ಲ’ ಎಂದಾಗ ಏನು?

ಮೂರನೇ ಹಂತದಲ್ಲಿ ‘ಇಲ್ಲ’ ಎಂದರೆ ಹಾಲು ವಾಪಸ್. ಅದು ಸುಲಭ. ಆರನೇ ಹಂತದಲ್ಲಿ ‘ಇಲ್ಲ’ ಎಂದಾಗ ಹಾಲನ್ನು ಚೆನ್ನಾಗಿ ಕಲಕಿ ಇನ್ನೊಂದು ಸ್ಯಾಂಪಲ್ ತೆಗೆದು ನೋಡುವುದು ನ್ಯಾಯ, ಏಕೆಂದರೆ ನಿಂತ ಹಾಲಿನಲ್ಲಿ ಕೊಬ್ಬು ಮೇಲಕ್ಕೆ ಬರುತ್ತದೆ. ಕಲಕದೆ ತೆಗೆದ ಸ್ಯಾಂಪಲ್ ಸುಳ್ಳು ಹೇಳುತ್ತದೆ. ಆದ್ದರಿಂದ ಮರಳುವ ಬಾಣ ಐದನೇ ಹಂತಕ್ಕಲ್ಲ, ನಾಲ್ಕನೇ ಹಂತಕ್ಕೇ ಹೋಗಬೇಕು. ಯಂತ್ರಕ್ಕೆ ನೇರವಾಗಿ ಮರಳಿಸಿದರೆ ಅದೇ ತಪ್ಪು ಸ್ಯಾಂಪಲನ್ನು ಎರಡನೇ ಸಲ ಅಳೆದಂತಾಗುತ್ತದೆ.

ಬಾಣವನ್ನು ಸುಮ್ಮನೆ ನಾಲ್ಕಕ್ಕೆ ತಿರುಗಿಸಿಬಿಟ್ಟರೆ ಇನ್ನೊಂದು ದೋಷ ಉಳಿಯುತ್ತದೆ: ಫಲಿತಾಂಶ ಸರಿ ಬರುವವರೆಗೂ ಸದಸ್ಯ ಸುತ್ತುತ್ತಲೇ ಇರಬಹುದು ಎಂದು ಚಿತ್ರ ಹೇಳುತ್ತದೆ. ಸರದಿಯಲ್ಲಿ ಜಗಳ ಶುರುವಾಗುವುದು ಇಂಥ ಕಡೆಯೇ. ಹಾಗಾಗಿ ಆರನೇ ಹಂತದ ಬಲಕ್ಕೆ ಇನ್ನೊಂದು ಪ್ರಶ್ನೆ ಬೇಕು: ‘ಇದು ಎರಡನೇ ಪರೀಕ್ಷೆಯೇ?’ ಹೌದು ಎಂದರೆ ಕೆಳಕ್ಕೆ ಇಳಿದು ‘ಹಾಲು ವಾಪಸ್ ಹೋಯಿತು’. ಇಲ್ಲ ಎಂದರೆ ಬಲದಿಂದ ಹೊರಟು, ಮೇಲೆ ಏರಿ, ನಾಲ್ಕನೇ ಹಂತಕ್ಕೆ ಮರಳುವುದು. ಈ ಒಂದು ಪ್ರಶ್ನೆಯಲ್ಲಿ ಮಾತ್ರ ‘ಹೌದು’ ಎಂಬುದು ಹಾಲು ಸ್ವೀಕಾರದ ಕಡೆಗೆ ಒಯ್ಯುವುದಿಲ್ಲ, ಮುಕ್ತಾಯಕ್ಕೆ ಒಯ್ಯುತ್ತದೆ. ಆದರೂ ಹೌದು ಕೆಳಕ್ಕೆ, ಇಲ್ಲ ಬಲಕ್ಕೆ ಎಂಬ ದಿಕ್ಕು ಕೆಡದೆ ಉಳಿಯಿತು. ಓದುವವನ ಕಣ್ಣಿಗೆ ಅದೇ ಮುಖ್ಯ.

ಈಗ ಬಲಸಾಲಿನಲ್ಲಿ ಮೂರು ಆಕಾರಗಳು: ಮೂರನೇ ಸಾಲಿನಲ್ಲಿ ಒಂದು ‘ವಾಪಸ್’, ಆರನೇ ಸಾಲಿನಲ್ಲಿ ಪ್ರಶ್ನೆ, ಏಳನೇ ಸಾಲಿನಲ್ಲಿ ಇನ್ನೊಂದು ‘ವಾಪಸ್’. ಒಂದೇ ‘ವಾಪಸ್’ ಇಟ್ಟು ಎರಡೂ ಬಾಣಗಳನ್ನು ಅಲ್ಲಿಗೇ ಎಳೆಯುವ ಆಸೆ ಬರಬಹುದು. ಬೇಡ. ಆ ಬಾಣ ಮೂರು ಸಾಲು ದಾಟಿ ಹೋಗುವಾಗ ಮರಳುವ ಬಾಣವನ್ನು ಅಡ್ಡ ಹಾಯುತ್ತದೆ. ಒಂದೇ ಮುಕ್ತಾಯವನ್ನು ಎರಡು ಕಡೆ ಬರೆದರೆ ಯಾವ ಗೊಂದಲವೂ ಆಗುವುದಿಲ್ಲ.

ನಾಲ್ಕೇ ಆಕಾರ

ಫ್ಲೋಚಾರ್ಟ್ ಚಿಹ್ನೆಗಳಿಗೆ 1985ರ ಅಂತರರಾಷ್ಟ್ರೀಯ ಮಾನಕವಿದೆ, ಐಎಸ್‌ಒ 5807. ಅದರಲ್ಲಿ ಬಹಳ ಚಿಹ್ನೆಗಳಿವೆ, ಗೋಡೆಯ ಪೋಸ್ಟರಿಗೆ ನಾಲ್ಕು ಸಾಕು. ಆರಂಭಕ್ಕೂ ಮುಕ್ತಾಯಕ್ಕೂ ಎರಡು ತುದಿ ಗುಂಡಗಿರುವ ಕ್ಯಾಪ್ಸೂಲ್ ಆಕಾರ. ಕೆಲಸಕ್ಕೆ ಆಯತ. ಪ್ರಶ್ನೆಗೆ ವಜ್ರಾಕೃತಿ. ಮಾಹಿತಿ ಒಳಗೆ ಬರುವ ಅಥವಾ ಹೊರಗೆ ಹೋಗುವ ಕಡೆ ಸಮಾಂತರ ಚತುರ್ಭುಜ, ಸುಲಭವಾಗಿ ಹೇಳುವುದಾದರೆ ಓರೆ ಆಯತ. ಸದಸ್ಯ ಸಂಖ್ಯೆ ಹೇಳುವುದು ಒಳಬರುವ ಮಾಹಿತಿ, ಚೀಟಿ ಹೊರಹೋಗುವ ಮಾಹಿತಿ. ಎರಡಕ್ಕೂ ಓರೆ ಆಯತ.

ಈ ವ್ಯತ್ಯಾಸ ಸದಸ್ಯರಿಗೆ ಬೇಕೇ ಎಂದು ಅನಿಸಿದರೆ ಓರೆ ಆಯತವನ್ನು ಪೂರ್ತಿ ಬಿಟ್ಟುಬಿಡಿ, ಮೂರೇ ಆಕಾರದಲ್ಲಿ ಮಾಡಿ. ಅದು ತಪ್ಪಲ್ಲ. ತಪ್ಪಾಗುವುದು ಒಂದು ಮಾಹಿತಿಗೆ ಓರೆ ಆಯತ, ಇನ್ನೊಂದಕ್ಕೆ ಸಾಧಾರಣ ಆಯತ ಹಾಕಿದಾಗ. ಆಗ ನೋಡುವವನು ಇಲ್ಲದ ಅರ್ಥ ಹುಡುಕುತ್ತಾನೆ.

ಅಕ್ಷರದಿಂದ ಡಬ್ಬಿ, ಡಬ್ಬಿಯಿಂದ ಪುಟ

ಡಬ್ಬಿಯ ಅಳತೆಯನ್ನು ಕಾಗದ ನಿರ್ಧರಿಸಬಾರದು, ಓದುವ ದೂರ ನಿರ್ಧರಿಸಬೇಕು. ಸರದಿಯಲ್ಲಿ ನಿಂತವರು ಸುಮಾರು 2 ಮೀಟರ್ ದೂರದಿಂದ ನೋಡುತ್ತಾರೆ. ಅಕ್ಷರದ ಎತ್ತರ ಆ ದೂರದ 250ರಲ್ಲಿ ಒಂದು ಭಾಗ ಇರಲಿ ಎಂದು ಹಿಡಿದರೆ 8 ಮಿ.ಮೀ. ಆಗುತ್ತದೆ. ಇದು ಒತ್ತಕ್ಷರ ಬಿಟ್ಟು, ‘ಅ’ದಂಥ ಅಕ್ಷರದ ಮೈಯ ಎತ್ತರ. ಫಾಂಟ್‌ನ ಪಾಯಿಂಟ್ ಸಂಖ್ಯೆಯನ್ನು ನಂಬಬೇಡಿ. ಒಂದೇ ಸಂಖ್ಯೆಯಲ್ಲಿ ಎರಡು ಕನ್ನಡ ಫಾಂಟ್‌ಗಳು ಬೇರೆ ಬೇರೆ ಎತ್ತರ ತೋರಿಸುತ್ತವೆ. ಒಂದು ‘ಅ’ ಬರೆದು, ಮೇಲಿನ ಪಟ್ಟಿಯ `H` ಅಂಕಣದಲ್ಲಿ 8 ಮಿ.ಮೀ. ಬರುವವರೆಗೆ ಫಾಂಟ್ ಗಾತ್ರವನ್ನು ಬದಲಿಸಿ. ಆ ಗಾತ್ರವನ್ನು ಬರೆದಿಟ್ಟುಕೊಂಡು ಎಲ್ಲ ಡಬ್ಬಿಗೂ ಅದನ್ನೇ ಬಳಸಿ.

ಅಕ್ಷರದ ಮೈ 8, ಒತ್ತಕ್ಷರಕ್ಕೆ ಕೆಳಗೆ ಸುಮಾರು 5, ಮೇಲೆ ಕೆಳಗೆ ಉಸಿರಾಡುವ ಜಾಗ: ಒಂದು ಸಾಲಿನ ಡಬ್ಬಿಗೆ 28 ಮಿ.ಮೀ. ಎತ್ತರ ಹಿತವಾಗಿರುತ್ತದೆ. ಅಗಲ 140. ಈ ಅಗಲದಲ್ಲಿ ಹನ್ನೆರಡು ಹದಿಮೂರು ಅಕ್ಷರ ಹಿಡಿಸುತ್ತವೆ. ಪಟ್ಟಿಯಲ್ಲಿ ಅತಿ ಉದ್ದದ್ದಾದ ‘ಕಲಕಿ ಸ್ಯಾಂಪಲ್ ತೆಗೆಯುವುದು’ ಹನ್ನೊಂದು ಅಕ್ಷರ, ಸಾಕು. ಮಾತು ಹಿಡಿಸದಿದ್ದರೆ ಮಾತನ್ನು ಕತ್ತರಿಸಿ, ಡಬ್ಬಿಯನ್ನು ಹಿಗ್ಗಿಸಬೇಡಿ, ಅಕ್ಷರವನ್ನು ಕುಗ್ಗಿಸಬೇಡಿ.

ಹೆಚ್ಚಿನ ಪೋಸ್ಟರ್‌ಗಳು ಸೋಲುವುದು ವಜ್ರಾಕೃತಿಯ ಹತ್ತಿರ. ವಜ್ರಾಕೃತಿಯೊಳಗೆ ಹಿಡಿಸುವ ಅತಿ ದೊಡ್ಡ ಆಯತದ ಅಗಲ ಅದರ ಅರ್ಧ, ಎತ್ತರವೂ ಅದರ ಅರ್ಧ. ಅಂದರೆ 140 × 28ರ ವಜ್ರಾಕೃತಿ ಮಾಡಿದರೆ ಅಕ್ಷರಕ್ಕೆ ಸಿಗುವುದು 70 × 14 ಮಾತ್ರ. ಒಂದು ಸಾಲೂ ನೆಟ್ಟಗೆ ಕೂರುವುದಿಲ್ಲ, ತುದಿಗಳು ಗೆರೆಗೆ ತಾಗುತ್ತವೆ. ಆಗ ಜನ ಅಕ್ಷರವನ್ನು ಚಿಕ್ಕದು ಮಾಡುತ್ತಾರೆ. ಪ್ರಶ್ನೆಯೇ ಓದಲು ಬಾರದ ಫ್ಲೋಚಾರ್ಟ್ ತಯಾರಾಗುತ್ತದೆ. ಅಗಲವನ್ನು 140ರಲ್ಲೇ ಇಟ್ಟು ಎತ್ತರವನ್ನು ಇಮ್ಮಡಿ ಮಾಡಿ, 56. ಆಗ 70 × 28 ಸಿಗುತ್ತದೆ; ಎರಡು ಚಿಕ್ಕ ಸಾಲು ಆರಾಮವಾಗಿ ಕೂರುತ್ತವೆ: ‘ವಾಸನೆ, ಬಣ್ಣ’ ಮೇಲೆ, ‘ಸರಿ ಇದೆಯೇ?’ ಕೆಳಗೆ. ‘ಫ್ಯಾಟ್ ಮತ್ತು ಎಸ್‌ಎನ್‌ಎಫ್ ನಿಗದಿತ ಮಿತಿಯೊಳಗಿವೆಯೇ?’ ಎಂದು ಬರೆಯಲಾಗದು. ಅದಕ್ಕೇ ‘ಫಲಿತಾಂಶ ಸರಿ ಇದೆಯೇ?’ ಎಂದಾಯಿತು. ಮಿತಿಯ ಅಂಕಿಗಳನ್ನು ಹೇಳಲೇಬೇಕಿದ್ದರೆ ಅವು ಬೇರೆ ಹಲಗೆಗೆ ಹೋಗಲಿ. ಅವು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಈಗ ಎತ್ತರದ ಲೆಕ್ಕ. ಮುಖ್ಯ ಸಾಲಿನಲ್ಲಿ 28ರ ಡಬ್ಬಿ ಏಳು, 196. 56ರ ವಜ್ರಾಕೃತಿ ಎರಡು, 112. ನಡುವಿನ ಅಂತರ ಎಂಟು, ತಲಾ 20ರಂತೆ 160. ಒಟ್ಟು 468. ಪುಟದ 594ರಲ್ಲಿ ಉಳಿದದ್ದು 126: ಮೇಲಿನ ಅಂಚು 28, ಶೀರ್ಷಿಕೆಯ ಪಟ್ಟಿ 50, ಅದರ ಕೆಳಗೆ 20, ಕೆಳ ಅಂಚು 28. ಸರಿಯಾಗಿ ಕೂತಿತು.

ಮೊದಲ ಲೆಕ್ಕಕ್ಕೇ ಹೀಗೆ ಕೂರದಿದ್ದರೆ ಕಡಿಮೆ ಮಾಡಬೇಕಾದದ್ದು ಮೊದಲು ಶೀರ್ಷಿಕೆಯ ಪಟ್ಟಿ, ಆಮೇಲೆ ಅಂತರ. ಅಂತರವನ್ನು 20ರಿಂದ 16ಕ್ಕೆ ಇಳಿಸಿದರೆ ಎಲ್ಲ ಎಂಟು ಕಡೆಯೂ ಇಳಿಸಬೇಕು. 16ಕ್ಕಿಂತ ಕೆಳಗೆ ಬಂದರೆ ‘ಹೌದು’ ಎಂದು ಬರೆಯಲು ಜಾಗ ಇರುವುದಿಲ್ಲ. ಆಗಲೂ ಹಿಡಿಸದಿದ್ದರೆ ಕಾಗದ ದೊಡ್ಡದು ಮಾಡಿ ಅಥವಾ ಎರಡು ಹಂತಗಳನ್ನು ಒಂದಾಗಿಸಿ.

ಅಗಲ ಸುಲಭ. ಎಡ ಅಂಚು 28, ಮುಖ್ಯ ಸಾಲು 140, ನಡುವೆ 64, ಬಲಸಾಲು 140, ಅದರಾಚೆ ಮರಳುವ ಗೆರೆಗೆ 20, ಬಲ ಅಂಚು 28. ಒಟ್ಟು 420. ಮರಳುವ ಗೆರೆ ಸರಿಯಾಗಿ ಬಲ ಅಂಚಿನ ಮೇಲೇ ಏರುತ್ತದೆ. ಆ ಗೆರೆಗೂ ಬಲಸಾಲಿಗೂ ನಡುವೆ ಇರುವುದೂ 20, ಉಳಿದೆಡೆ ಇರುವ ಅಂತರವೇ.

ಇಂಕ್‌ಸ್ಕೇಪ್‌ನಲ್ಲಿ ಮೂರು ಸಿದ್ಧತೆ

`File > Document Properties` ತೆರೆದು ಪುಟವನ್ನು ಎ2, ಅಳತೆಯನ್ನು `mm` ಮಾಡಿ. ಅಲ್ಲೇ `Grids` ವಿಭಾಗದಲ್ಲಿ 2 ಮಿ.ಮೀ. ಜಾಲರಿ ಸೇರಿಸಿ, ಪ್ರತಿ ಹತ್ತನೇ ಗೆರೆಯನ್ನು ದಪ್ಪ ಮಾಡಿ. ಎರಡು ದಪ್ಪ ಗೆರೆಗಳ ನಡುವೆ ನಮ್ಮ ಅಂತರವಾದ 20 ಮಿ.ಮೀ. ಆಗುತ್ತದೆ. ಜಾಲರಿಗೆ ಅಂಟುವ ಸೌಲಭ್ಯವನ್ನು, ಅಂದರೆ ಸ್ನ್ಯಾಪಿಂಗನ್ನು, ಆನ್ ಮಾಡಿ.

ಮೂರನೆಯದನ್ನು ಬಹಳ ಜನ ಮಾಡುವುದಿಲ್ಲ. `Edit > Preferences > Tools` ಒಳಗೆ `Geometric bounding box` ಆಯ್ದುಕೊಳ್ಳಿ. ಮೊದಲೇ ಇರುವ ಆಯ್ಕೆಯಲ್ಲಿ ಗೆರೆಯ ದಪ್ಪವೂ ಅಳತೆಗೆ ಸೇರುತ್ತದೆ. 1.2 ಮಿ.ಮೀ. ಗೆರೆಯ ಆಯತ 140ರ ಬದಲು 141.2 ಎಂದು ತೋರಿಸುತ್ತದೆ. ವಜ್ರಾಕೃತಿಯ ಚೂಪು ತುದಿಯಲ್ಲಂತೂ ಇನ್ನೂ ಹೆಚ್ಚು. ನೀವು ಅದನ್ನು 140 ಎಂದು ತಿದ್ದುತ್ತೀರಿ, ಆಕಾರ ಕುಗ್ಗುತ್ತದೆ, ಪಕ್ಕದ ಡಬ್ಬಿಗಿಂತ ಒಂದು ಕೂದಲೆಳೆ ಚಿಕ್ಕದಾಗುತ್ತದೆ. ‘ಎಲ್ಲ ಸರಿ ಇಟ್ಟಿದ್ದೇನೆ, ಆದರೂ ಏನೋ ಓರೆ ಕಾಣುತ್ತಿದೆ’ ಎನ್ನುವವರ ಫೈಲಿನಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ.

ನಾಲ್ಕು ಅಚ್ಚು ಮಾಡಿಕೊಂಡು ನಕಲು ತೆಗೆಯುವುದು

ಪ್ರತಿ ಡಬ್ಬಿಯನ್ನೂ ಕೈಯಿಂದ ಬರೆಯಬೇಡಿ. ಪ್ರತಿ ಆಕಾರದ ಒಂದು ಅಚ್ಚು ಮಾತ್ರ ಮಾಡಿ. ಅದಕ್ಕೆ ಅತಿ ನಿಖರವಾದ ದಾರಿ, ಕೆಳಗಿನದನ್ನು ಒಂದು ಸಾದಾ ಪಠ್ಯ ಫೈಲಿನಲ್ಲಿ ಹಾಕಿ `poster.svg` ಎಂದು ಉಳಿಸಿ ಇಂಕ್‌ಸ್ಕೇಪ್‌ನಲ್ಲಿ ತೆರೆಯುವುದು. ಒಂದು ಅಂಕಿ ಎಂದರೆ ಒಂದು ಮಿಲಿಮೀಟರ್.

```
<svg xmlns="http://www.w3.org/2000/svg"
     width="420mm" height="594mm" viewBox="0 0 420 594">
  <g fill="#ffffff" stroke="#222222" stroke-width="1.2">
    <rect x="28" y="98" width="140" height="28" rx="14"/>
    <polygon points="40,146 168,146 156,174 28,174"/>
    <polygon points="98,194 168,222 98,250 28,222"/>
    <rect x="28" y="270" width="140" height="28"/>
  </g>
</svg>
```

ಮೊದಲ ನಾಲ್ಕು ಹಂತಗಳು ತಮ್ಮ ಜಾಗದಲ್ಲೇ ಬಂದು ಕೂರುತ್ತವೆ. ಕ್ಯಾಪ್ಸೂಲಿನ ತುದಿಯ ತ್ರಿಜ್ಯ 14, ಅಂದರೆ ಎತ್ತರದ ಅರ್ಧ. ಓರೆ ಆಯತದ ಓರೆ 12. ಈ ಫೈಲ್ ತೆರೆದ ಮೇಲೂ ಹಿಂದೆ ಹೇಳಿದ ಜಾಲರಿಯನ್ನು ಇದಕ್ಕೆ ಸೇರಿಸಿಕೊಳ್ಳಬೇಕು, ಅದು ಫೈಲಿನಿಂದ ಫೈಲಿಗೆ ಬೇರೆ. ಬೇಕಾದ ಆಕಾರವನ್ನು ಆಯ್ದು `Ctrl+G` ಒತ್ತಿದರೆ ಗುಂಪಾಗುತ್ತದೆ. ಇಲ್ಲಿ ಅದು ಬೇಡ, ಬದಲಿಗೆ `Ctrl+Shift+G` ಒತ್ತಿ ಇರುವ ಗುಂಪನ್ನು ಬಿಚ್ಚಿ. ಆಮೇಲೆ `Ctrl+D` ಒತ್ತಿ ನಕಲು ಮಾಡಿ, ಮೇಲಿನ ಪಟ್ಟಿಯಲ್ಲಿ `X`, `Y` ಮೌಲ್ಯ ಬರೆಯಿರಿ. ಮುಖ್ಯ ಸಾಲಿನ ಉಳಿದ ಐದರ `Y`: 318, 366, 442, 490, 538. ಎಲ್ಲಕ್ಕೂ `X` 28.

ಬಲಸಾಲಿನ ಮೂರಕ್ಕೂ `X` 232. ಪ್ರಶ್ನೆಗೆ `Y` 366, ಕೊನೆಯ ‘ವಾಪಸ್’ಗೆ 442. ಮೇಲಿನ ‘ವಾಪಸ್’ ಮಾತ್ರ ಎಡಗಡೆಯ ವಜ್ರಾಕೃತಿಯ ನಡುಮಟ್ಟಕ್ಕೆ ಬರಬೇಕು: ವಜ್ರದ ನಡು 222, ಕ್ಯಾಪ್ಸೂಲಿನ ಅರ್ಧ ಎತ್ತರ 14, ಆದ್ದರಿಂದ `Y` 208. ಇದನ್ನು ವಜ್ರದ ಮೇಲ್ತುದಿಗೆ, 194ಕ್ಕೆ, ಸಮ ಮಾಡಿದರೆ ಅಡ್ಡ ಬಾಣ ಸೊಟ್ಟಗಾಗುತ್ತದೆ.

ಅಂತರ ಎಂದರೆ ಅಂಚಿನಿಂದ ಅಂಚಿಗೆ

`Align and Distribute` ಫಲಕದಲ್ಲಿ ಹಂಚುವ ಗುಂಡಿಗಳು ಹಲವಿವೆ. ಒಂದು ನಡುಬಿಂದುಗಳನ್ನು ಸಮಾನ ದೂರದಲ್ಲಿಡುತ್ತದೆ, ಇನ್ನೊಂದು ಆಕಾರಗಳ ನಡುವಿನ ಖಾಲಿ ಜಾಗವನ್ನು ಸಮ ಮಾಡುತ್ತದೆ. ಡಬ್ಬಿಗಳೆಲ್ಲ ಒಂದೇ ಎತ್ತರ ಇದ್ದರೆ ಎರಡೂ ಒಂದೇ. ವಜ್ರಾಕೃತಿ ಬಂದ ಕೂಡಲೇ ಎರಡೂ ಬೇರೆಯಾಗುತ್ತವೆ.

ನಮ್ಮ ಪೋಸ್ಟರಿನಲ್ಲೇ ನೋಡಿ. ಮೊದಲ ಡಬ್ಬಿಯ ನಡು 112, ಕೊನೆಯದರ ನಡು 552. ನಡುಬಿಂದುಗಳನ್ನು ಸಮವಾಗಿ ಹಂಚಿದರೆ ಒಂದೊಂದಕ್ಕೆ 55 ಮಿ.ಮೀ. ಬರುತ್ತದೆ. ಆಗ ಡಬ್ಬಿಗೂ ಡಬ್ಬಿಗೂ ನಡುವೆ 27, ಡಬ್ಬಿಗೂ ವಜ್ರಕ್ಕೂ ನಡುವೆ 13. ಒಂದು ಬಾಣ ಇನ್ನೊಂದರ ಇಮ್ಮಡಿ ಉದ್ದ! ಕಂಪ್ಯೂಟರ್ ತನ್ನ ಲೆಕ್ಕದಲ್ಲಿ ಸಮವಾಗಿಯೇ ಹಂಚಿದೆ, ಗೋಡೆಯ ಮೇಲೆ ಮಾತ್ರ ಅದು ಅಸಮ. ಹಂಚುವ ಗುಂಡಿ ಬಳಸುವುದಾದರೆ ಖಾಲಿ ಜಾಗ ಸಮ ಮಾಡುವುದನ್ನೇ ಒತ್ತಿ. ಆದರೆ `Y` ಮೌಲ್ಯ ನೇರವಾಗಿ ಬರೆಯುವುದು ಇದಕ್ಕಿಂತ ಗಟ್ಟಿ, ಏಕೆಂದರೆ ಗುಂಡಿ ಒತ್ತಿದಾಗ ಡಬ್ಬಿಗಳು ಜಾಲರಿ ಬಿಟ್ಟು 97.63ರಂಥ ಜಾಗದಲ್ಲಿ ಕೂರಬಹುದು.

ವಜ್ರದ ತುದಿ ಚೂಪಾದ್ದರಿಂದ ಅದರ ಮೇಲಿನ ಜಾಗ ಕಣ್ಣಿಗೆ ತುಸು ಹೆಚ್ಚೆನಿಸುತ್ತದೆ. ಅದಕ್ಕಾಗಿ ಅಲ್ಲಿ ಎರಡು ಮಿಲಿಮೀಟರ್ ಕಡಿಮೆ ಮಾಡುವವರಿದ್ದಾರೆ. ಪೋಸ್ಟರಿನಲ್ಲಿ ಅದು ಬೇಡ. ನೋಡುವವನಿಗೆ ಕಾಣುವುದು ಬಾಣದ ಉದ್ದ; ಎಲ್ಲ ಇಳಿಬಾಣಗಳೂ ಒಂದೇ ಉದ್ದ ಇದ್ದರೆ ಕಣ್ಣು ಅದನ್ನೇ ಸಮ ಎಂದು ಒಪ್ಪುತ್ತದೆ.

ಬಾಣಗಳು

ದಿಕ್ಕಿನ ನಿಯಮ ಮೂರು ವಾಕ್ಯಕ್ಕೆ ಮುಗಿಯಬೇಕು. ಮುಂದುವರಿಕೆ ಕೆಳಕ್ಕೆ. ‘ಇಲ್ಲ’ ಬಲಕ್ಕೆ. ಮರಳುವುದು ಬಲ ಅಂಚಿನ ಓಣಿಯಲ್ಲಿ ಮೇಲಕ್ಕೆ. ಓರೆ ಗೆರೆ ಎಲ್ಲೂ ಇಲ್ಲ, ತಿರುವು ಇದ್ದರೆ ಲಂಬಕೋನವೇ.

ಬಾಣಗಳನ್ನು `B` ಒತ್ತಿ ಬರುವ ಪೆನ್ ಸಾಧನದಿಂದ, `Ctrl` ಹಿಡಿದುಕೊಂಡು ಎಳೆಯಿರಿ. ಡಬ್ಬಿಗಳಿಗೆ ತಾನೇ ಅಂಟಿಕೊಳ್ಳುವ ಕನೆಕ್ಟರ್ ಸಾಧನ ಕರಡಿಗೆ ಚೆನ್ನ, ಆದರೆ ಅದು ದಾರಿಯನ್ನು ತಾನೇ ಆರಿಸಿಕೊಳ್ಳುತ್ತದೆ. ಮುದ್ರಣಕ್ಕೆ ಹೋಗುವ ಪೋಸ್ಟರಿನಲ್ಲಿ ದಾರಿ ನಿಮ್ಮದಾಗಿರಬೇಕು. ಮುಖ್ಯ ಸಾಲಿನ ಇಳಿಬಾಣಗಳೆಲ್ಲ 98ರ ಗೆರೆಯ ಮೇಲೆ, ಬಲಸಾಲಿನದು 302ರ ಮೇಲೆ. ಓರೆ ಆಯತದ ಹತ್ತಿರ ಎಚ್ಚರ: ಅದರ ಮೇಲಂಚು 40ರಿಂದ 168ರವರೆಗೆ ಇದೆ, ಆ ಅಂಚಿನ ನಡು 104. ಸ್ನ್ಯಾಪಿಂಗ್ ಅಂಚಿನ ನಡುವಿಗೆ ಅಂಟಿಸಿದರೆ ಬಾಣ 6 ಮಿ.ಮೀ. ಬಲಕ್ಕೆ ಸರಿಯುತ್ತದೆ. ಸಾಲಿನ ನಡುಗೆರೆಯೇ ಮುಖ್ಯ, ಅಂಚಿನ ನಡು ಅಲ್ಲ.

ಬಾಣದ ಮೊನೆಯನ್ನು `Fill and Stroke` ಫಲಕದ ಗೆರೆ ಶೈಲಿಯಲ್ಲಿ, ಕೊನೆಯ ಮಾರ್ಕರ್ ಆಗಿ ಆರಿಸಿ. ಮೊನೆ ಗೆರೆ ಮುಗಿದ ಬಿಂದುವನ್ನು ದಾಟಿ ಮುಂದೆ ಚಾಚಬಹುದು, ಆಗ ಡಬ್ಬಿಯನ್ನು ಚುಚ್ಚಿದಂತೆ ಕಾಣುತ್ತದೆ. ಜೂಮ್ ಮಾಡಿ ನೋಡಿ, ಮೊನೆಯ ತುದಿಗೂ ಡಬ್ಬಿಗೂ ನಡುವೆ 2 ಮಿ.ಮೀ. ಉಳಿಯುವಂತೆ ಗೆರೆಯನ್ನು ಹಿಂದೆ ಎಳೆಯಿರಿ. ಒಂದು ಇಳಿಬಾಣ ಸರಿಯಾದ ಮೇಲೆ ಉಳಿದವೆಲ್ಲ ಅದರ ನಕಲೇ. ಎಲ್ಲ ಬಾಣಗಳ ಗೆರೆಯ ದಪ್ಪವೂ ಒಂದೇ ಇರಲಿ. ಮೊನೆಯ ಗಾತ್ರ ಗೆರೆಯ ದಪ್ಪದೊಂದಿಗೆ ಬದಲಾಗುತ್ತದೆ.

ಮರಳುವ ಬಾಣ 372, 394ರಲ್ಲಿ ಹೊರಟು, ಬಲಕ್ಕೆ 392ಕ್ಕೆ ಬಂದು, ಅಲ್ಲಿಂದ ಮೇಲೆ 284ರ ಮಟ್ಟಕ್ಕೆ ಏರಿ, ಎಡಕ್ಕೆ ತಿರುಗಿ ನಾಲ್ಕನೇ ಹಂತದ ಬಲ ಅಂಚಿನ ಮುಂದೆ, 170ರಲ್ಲಿ ನಿಲ್ಲುತ್ತದೆ. ದಾರಿಯಲ್ಲಿ ಯಾವ ಆಕಾರವೂ ಅಡ್ಡ ಇಲ್ಲ. ಇದು ಉದ್ದವಾದ್ದರಿಂದ ಏರುವ ಭಾಗದ ನಡುವೆ ಇನ್ನೊಂದು ಮೊನೆ ಹಾಕಿ. ಕಾಗದದ ಮೂಲೆಯಿಂದ ನೋಡುವವನಿಗೂ ದಿಕ್ಕು ಗೊತ್ತಾಗಲಿ.

ಕನ್ನಡ ಅಕ್ಷರ ಕೂರಿಸುವುದು

ಅಕ್ಷರವನ್ನು ಡಬ್ಬಿಯ ನಡುವಿಗೆ ತರಲು ಅಲೈನ್ ಗುಂಡಿ ಒತ್ತಿದರೆ ಅಡ್ಡಕ್ಕೆ ಸರಿ ಬರುತ್ತದೆ, ಮೇಲೆ ಕೆಳಗಿನದು ಕೆಡುತ್ತದೆ. ‘ಸದಸ್ಯ ಸಂಖ್ಯೆ ಹೇಳುವುದು’ ಎಂಬಲ್ಲಿ ‘ಸ್ಯ’, ‘ಖ್ಯೆ’ಗಳ ಒತ್ತು ಕೆಳಗೆ ಇಳಿದಿದೆ. ‘ಹಾಲು ತೂಗುವುದು’ ಎಂಬಲ್ಲಿ ಒತ್ತೇ ಇಲ್ಲ. ಸಾಫ್ಟ್‌ವೇರ್ ಒತ್ತನ್ನೂ ಸೇರಿಸಿ ನಡು ಲೆಕ್ಕ ಹಾಕುವುದರಿಂದ ಮೊದಲನೆಯದು ಮೇಲಕ್ಕೆ ಸರಿಯುತ್ತದೆ, ಎರಡನೆಯದು ಕೆಳಗೆ ಉಳಿಯುತ್ತದೆ.

ಹಾಗಾಗಿ ಅಕ್ಷರದ ಬುಡದ ಗೆರೆಯನ್ನು ಹಿಡಿಯಿರಿ. 28ರ ಡಬ್ಬಿಯಲ್ಲಿ 8 ಮಿ.ಮೀ. ಅಕ್ಷರ ನಡುವೆ ಕೂರಬೇಕಾದರೆ ಬುಡದ ಗೆರೆ ಡಬ್ಬಿಯ ಮೇಲಂಚಿನಿಂದ 18 ಮಿ.ಮೀ. ಕೆಳಗೆ ಬರಬೇಕು, ಒತ್ತುಗಳು ಅದರ ಕೆಳಗೆ ನೇತಾಡಲಿ. ವಜ್ರಾಕೃತಿಯಲ್ಲಿ ಎರಡು ಬುಡದ ಗೆರೆಗಳು, ಮೇಲ್ತುದಿಯಿಂದ 24 ಮತ್ತು 38. ಪಠ್ಯವನ್ನು ನಡು ಜೋಡಣೆಗೆ ಇಟ್ಟು, ಸ್ನ್ಯಾಪಿಂಗ್ ಪಟ್ಟಿಯಲ್ಲಿ ಪಠ್ಯದ ಬುಡಗೆರೆಯ ಆಯ್ಕೆ ಆನ್ ಮಾಡಿದರೆ ಅದು ಜಾಲರಿಗೆ ತಾನೇ ಅಂಟುತ್ತದೆ.

‘ಇಲ್ಲ’ ಎಂಬ ಪುಟ್ಟ ಮಾತು ಕೂಡ ಇಲ್ಲೇ ತೊಂದರೆ ಕೊಡುವುದು. ಅದನ್ನು ಅಡ್ಡ ಬಾಣದ ಮೇಲೆ ಅಂಟಿಸಿದಂತೆ ಬರೆದರೆ ಒತ್ತು ‘ಲ’ ಗೆರೆಯ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತವೆ. ಬುಡದ ಗೆರೆ ಬಾಣದಿಂದ 6 ಮಿ.ಮೀ. ಮೇಲಿರಲಿ. ಅಕ್ಷರದ ಎತ್ತರ 6 ಸಾಕು. ವಜ್ರದ ಬಲತುದಿಯಿಂದ 4 ಮಿ.ಮೀ. ಬಿಟ್ಟು ಶುರುವಾಗಲಿ. ‘ಹೌದು’ ಇಳಿಬಾಣದ ಬಲಕ್ಕೆ, ಗೆರೆಯಿಂದ 4 ಮಿ.ಮೀ. ದೂರ. ಬಲ ಪ್ರಶ್ನೆಯ ‘ಇಲ್ಲ’ಕ್ಕೆ ಓಣಿಯಲ್ಲಿ 20 ಮಿ.ಮೀ. ಮಾತ್ರ ಇದೆ; ಅಲ್ಲಿ ಮಾತು ತುಸು ಹತ್ತಿರ, 2 ಮಿ.ಮೀ. ಬಿಟ್ಟು ಶುರುವಾಗಬೇಕಾಗುತ್ತದೆ. ಅದು ಕಣ್ಣಿಗೆ ಹೊಡೆದರೆ ಮೂರು ‘ಇಲ್ಲ’ಗಳಿಗೂ 2 ಇಡಿ.

ಯೂನಿಕೋಡ್ ಫಾಂಟ್ ಬಳಸಿ, `Noto Sans Kannada` ಥರದ್ದು. ಹಳೆಯ ನುಡಿ ಆಸ್ಕಿ ಕಡತದಿಂದ ಮಾತನ್ನು ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಪರಿವರ್ತಿಸಿಕೊಳ್ಳಿ, ಇಲ್ಲವೇ ಹೊಸದಾಗಿ ಟೈಪ್ ಮಾಡಿ.

ಮುದ್ರಣಕ್ಕೆ ಕೊಡುವ ಮುನ್ನ

ಒಂದು ಲೆಕ್ಕ ಮಾಡಿ. ಪ್ರತಿ ವಜ್ರಾಕೃತಿಯಿಂದ ಎರಡು ಬಾಣ ಹೊರಡಬೇಕು, ಮುಕ್ತಾಯದಿಂದ ಒಂದೂ ಇಲ್ಲ, ಉಳಿದ ಪ್ರತಿಯೊಂದರಿಂದ ಒಂದೇ. ನಮ್ಮಲ್ಲಿ ವಜ್ರ ಮೂರು, ಆರು ಬಾಣ. ಮುಕ್ತಾಯ ಮೂರು, ಸೊನ್ನೆ. ಉಳಿದವು ಆರು, ಆರು ಬಾಣ. ಒಟ್ಟು ಹನ್ನೆರಡು. ಪುಟದ ಮೇಲಿನ ಬಾಣಗಳನ್ನು ಎಣಿಸಿ. ಹನ್ನೊಂದಿದ್ದರೆ ಯಾರೋ ಸದಸ್ಯ ನಡುದಾರಿಯಲ್ಲಿ ನಿಂತಿದ್ದಾನೆ, ಹದಿಮೂರಿದ್ದರೆ ಒಂದು ಕೆಲಸಕ್ಕೆ ಎರಡು ದಾರಿ ತೋರಿಸಿದ್ದೀರಿ.

`Ctrl+5` ಒತ್ತಿದರೆ ಬಣ್ಣ ಹೋಗಿ ಬರೀ ಗೆರೆ ಉಳಿಯುವ ನೋಟ ಬರುತ್ತದೆ. ಒಂದರ ಮೇಲೊಂದು ಕೂತ ನಕಲುಗಳು, ಅರ್ಧ ಮಿಲಿಮೀಟರ್ ಜಾರಿದ ಡಬ್ಬಿಗಳು ಅಲ್ಲಿ ಸಿಕ್ಕಿಬೀಳುತ್ತವೆ. ನಂತರ ಒಂದು ವಜ್ರಾಕೃತಿಯ ಭಾಗವನ್ನು ಮಾತ್ರ ನಿಜ ಅಳತೆಯಲ್ಲಿ ಎ4 ಹಾಳೆಗೆ ಮುದ್ರಿಸಿ, ಗೋಡೆಗೆ ಅಂಟಿಸಿ, 2 ಮೀಟರ್ ದೂರ ನಿಂತು, ಬೆಳಗಿನ ಜಾವ ಇರುವ ಬೆಳಕಿನಲ್ಲೇ ಓದಿ ನೋಡಿ.

ಬಣ್ಣ ಎರಡು ಸಾಕು: ಎಲ್ಲಕ್ಕೂ ಕಪ್ಪು ಗೆರೆ, ಎರಡು ‘ವಾಪಸ್’ಗಳಿಗೆ ಮಾತ್ರ ತೆಳು ಕೆಂಪು ತುಂಬಿಸಿ.

ಪಿಡಿಎಫ್ ಮಾಡುವಾಗ ಬರುವ ಸಂವಾದದಲ್ಲಿ ಪಠ್ಯವನ್ನು ಗೆರೆಗಳಾಗಿ ಪರಿವರ್ತಿಸುವ `Convert text to paths` ಆಯ್ಕೆ ಒತ್ತಿ. ಹಾಗೆ ಮಾಡದಿದ್ದರೆ ಮುದ್ರಣದವರ ಹಳೆಯ ಸಾಫ್ಟ್‌ವೇರ್ ಫೈಲನ್ನು ತೆರೆದಾಗ ಒತ್ತುಗಳು ಬಿಡಿಬಿಡಿಯಾಗಿ, ಅರ್ಕಾವತ್ತು ಬೇರೆ ಜಾಗಕ್ಕೆ ಹೋಗಿ ಬೀಳಬಹುದು. ತಿದ್ದಬಹುದಾದ ಮೂಲ ಫೈಲ್ ನಿಮ್ಮ ಬಳಿ ಬೇರೆಯಾಗಿ ಇರಲಿ.

ಅಂಗಡಿಯಲ್ಲಿ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಬೇಡ, ನೂರು ಶೇಕಡಾ ಅಳತೆಯಲ್ಲೇ ಮುದ್ರಿಸಲು ಹೇಳಿ. ಎ1ಗೆ ಹಿಗ್ಗಿಸಿದರೆ ತೊಂದರೆ ಇಲ್ಲ. ಪ್ರಮಾಣ ಒಂದೇ ಆದ್ದರಿಂದ ಎಲ್ಲವೂ 1.41 ಪಟ್ಟಾಗುತ್ತದೆ, 20ರ ಅಂತರ 28 ಆಗುತ್ತದೆ. ಫ್ಲೆಕ್ಸ್ ಮಾಡಿಸುವುದಾದರೆ ಎಚ್ಚರ ಬೇಕು. ಅಲ್ಲಿ ಅಳತೆ ಅಡಿಯಲ್ಲಿ, 2 × 3 ಅಡಿ ಸಾಮಾನ್ಯ. ಅದರ ಪ್ರಮಾಣ ಒಂದಕ್ಕೆ ಒಂದೂವರೆ, ಎ2ದು ಒಂದಕ್ಕೆ 1.41. ಪೂರ್ತಿ ತುಂಬಿಸಲು ಉದ್ದಕ್ಕೆ ಎಳೆದುಬಿಟ್ಟರೆ ಕ್ಯಾಪ್ಸೂಲಿನ ತುದಿ ಮೊಟ್ಟೆಯಾಕಾರವಾಗುತ್ತದೆ, ಇಳಿಗೆರೆಗೂ ಅಡ್ಡಗೆರೆಗೂ ದಪ್ಪ ಬೇರೆಯಾಗುತ್ತದೆ. ಪುಟವನ್ನೇ 610 × 914 ಮಿ.ಮೀ. ಮಾಡಿ, ಚಿತ್ರವನ್ನು ಉದ್ದಗಲ ಎರಡರಲ್ಲೂ 1.45 ಪಟ್ಟು ಹಿಗ್ಗಿಸಿ, ಎತ್ತರದಲ್ಲಿ ಉಳಿಯುವ ಸುಮಾರು 53 ಮಿ.ಮೀ. ಜಾಗವನ್ನು ಶೀರ್ಷಿಕೆಯ ಪಟ್ಟಿಗೆ ಕೊಡಿ. ಹಿಗ್ಗಿಸುವಾಗ ಗೆರೆಯ ದಪ್ಪವೂ ಜೊತೆಗೇ ಹಿಗ್ಗುವ ಗುಂಡಿ ಆನ್ ಇದೆಯೇ ನೋಡಿಕೊಳ್ಳಿ. ಲ್ಯಾಮಿನೇಶನ್ ಮಾಡಿಸುವುದಾದರೆ ಹೊಳಪಿಲ್ಲದ ಮ್ಯಾಟ್ ಕೇಳಿ. ಹೊಳಪಿನದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದು ಮೇಲಿನ ಎರಡು ಮೂರು ಡಬ್ಬಿ ಓದಲಾಗುವುದಿಲ್ಲ.